ಪ್ರಯೋಗಕ್ಕೆ ಪೀರಿಯಡ್ ಕೇಳುವ ಪತ್ರ

ವಾರಕ್ಕೊಮ್ಮೆ ಮಕ್ಕಳ ಕೈಯಿಂದಲೇ ಪ್ರಯೋಗ ಮಾಡಿಸುತ್ತೇನೆ ಎಂದು ವಿಜ್ಞಾನದ ಮೇಷ್ಟ್ರು ಕೇಳಿದರೆ ಮುಖ್ಯ ಶಿಕ್ಷಕರು ಮೊದಲು ಕೇಳುವುದು, ‘ಪೋರ್ಷನ್ ಮುಗಿಯುತ್ತಾ?’ ಎಂದು. ಪ್ರಶ್ನೆ ನ್ಯಾಯವಾದದ್ದೇ. ಫಲಿತಾಂಶ ಕುಸಿದರೆ ಉತ್ತರ ಹೇಳಬೇಕಾದವರು ಅವರು. ಹಾಗಾಗಿ ಮನವಿ ಪತ್ರ ಅಲ್ಲಿಂದಲೇ ಶುರುವಾದರೆ ಒಳ್ಳೆಯದು:

‘ಮಾನ್ಯರೇ, ಏಳನೇ ತರಗತಿ ಎ ವಿಭಾಗಕ್ಕೆ 8 ವಾರ, ಪ್ರತಿ ಶುಕ್ರವಾರ ಎರಡು ವಿಜ್ಞಾನ ಪೀರಿಯಡ್‌ಗಳನ್ನು ಒಟ್ಟಿಗೆ ಕೊಡಬೇಕೆಂದು ಕೋರುತ್ತೇನೆ. ಹೆಚ್ಚುವರಿ ಪೀರಿಯಡ್ ಬೇಡ. ಮಾಡಬೇಕಾದ ಪಾಠಗಳನ್ನೇ ಪ್ರಯೋಗದ ಮೂಲಕ ಮಾಡುತ್ತೇನೆ. ಮೊದಲ 2 ವಾರ ಲೋಲಕ, ಮುಂದಿನ 3 ವಾರ ಶಾಖ, ಕೊನೆಯ 3 ವಾರ ಆಮ್ಲ–ಪ್ರತ್ಯಾಮ್ಲ. 40 ಮಕ್ಕಳಿಗೆ ಐವರಂತೆ 8 ಗುಂಪು. ಬಿಸಿನೀರನ್ನು ನಾನೇ ಸುರಿಯುತ್ತೇನೆ. ಆಮ್ಲಕ್ಕೆ ನಿಂಬೆರಸ, ಪ್ರತ್ಯಾಮ್ಲಕ್ಕೆ ಸೋಪಿನ ನೀರು, ಬಣ್ಣ ಬದಲಾಗುವುದನ್ನು ನೋಡಲು ಕೆಂಪು ದಾಸವಾಳದ ರಸ ಸಾಕು.’

ಇಷ್ಟರಲ್ಲಿ ಸಮಯ, ಖರ್ಚು, ಸುರಕ್ಷತೆ ಮೂರೂ ಬಂದವು. ಆದರೆ ಮುಖ್ಯ ಶಿಕ್ಷಕರಿಗೆ ನಂಬಿಕೆ ಬರಬೇಕಾದರೆ ಒಂದು ಪಾಠವನ್ನಾದರೂ ಬಿಡಿಸಿ ಬರೆಯಬೇಕು. ಲೋಲಕವನ್ನೇ ತೆಗೆದುಕೊಳ್ಳಿ. ಒಂದು ಗುಂಪು ದಾರಕ್ಕೆ ಸಣ್ಣ ಕಲ್ಲು ಕಟ್ಟುತ್ತದೆ, ಇನ್ನೊಂದು ದಪ್ಪ ಕಲ್ಲು. ‘ಯಾವುದು ಬೇಗ ತೂಗುತ್ತೆ?’ ಎಂದರೆ ಹೆಚ್ಚಿನ ಮಕ್ಕಳು ದಪ್ಪ ಕಲ್ಲಿನ ಕಡೆಗೇ ಕೈ ತೋರಿಸುತ್ತಾರೆ. ದಾರದ ಗಂಟಿನಿಂದ ಕಲ್ಲಿನ ನಡುಮಧ್ಯದವರೆಗೆ 100 ಸೆಂ.ಮೀ. ಅಳೆದು, ಸ್ವಲ್ಪವೇ ಎಳೆದು ಬಿಟ್ಟರೆ, ಎರಡಕ್ಕೂ 20 ಆಂದೋಲನಕ್ಕೆ ಸುಮಾರು 40 ಸೆಕೆಂಡ್ ಬೇಕು. 25 ಸೆಂ.ಮೀ.ಗೆ ಇಳಿಸಿದರೆ ಸುಮಾರು 20 ಸೆಕೆಂಡ್. ಉದ್ದ ಕಾಲು ಭಾಗವಾದರೂ ಕಾಲ ಅರ್ಧಕ್ಕಷ್ಟೇ ಇಳಿಯಿತೇಕೆ ಎಂಬ ಪ್ರಶ್ನೆಯನ್ನು ಆಗ ಮಕ್ಕಳೇ ಎತ್ತುತ್ತಾರೆ.

ಯಾವುದೋ ಗುಂಪಿಗೆ 38 ಸೆಕೆಂಡ್ ಬರುತ್ತದೆ. ಕಲ್ಲು ಬಿಟ್ಟ ಕ್ಷಣಕ್ಕೆ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸಿರುತ್ತಾರೆ. ಹಾಗಾಗಿ ಆದದ್ದು 19 ಆಂದೋಲನ ಮಾತ್ರ. ಮೇಷ್ಟ್ರು ಉತ್ತರ ಹೇಳದೆ ಮತ್ತೊಮ್ಮೆ ಎಣಿಸಲು ಬಿಡಬೇಕು. ಜೋಡಿ ಪೀರಿಯಡ್ ಕೇಳುವುದು ಈ ಎರಡನೇ ಎಣಿಕೆಗಾಗಿ.

ಇನ್ನು ಅಳತೆಗೋಲು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಪ್ರಯೋಗಾಧಾರಿತ ವಿಜ್ಞಾನ ಬೋಧನೆ ಆರಂಭವಾದಾಗ ಪರೀಕ್ಷೆಯನ್ನೂ ಬದಲಿಸಿದರು: ಪುಸ್ತಕ ತೆರೆದಿಟ್ಟು ಬರೆಯುವ ಪತ್ರಿಕೆ, ಜೊತೆಗೆ ಪ್ರಯೋಗ ಪರೀಕ್ಷೆ. ಕಲಿಸಿದ್ದು ಒಂದು, ಕೇಳಿದ್ದು ಇನ್ನೊಂದಾದರೆ ಏನೂ ತಿಳಿಯುವುದಿಲ್ಲ. ನಮ್ಮ ಪತ್ರದಲ್ಲಿ ಬಿ ವಿಭಾಗವನ್ನು ಎಂದಿನಂತೆ ಬಿಟ್ಟು, ಎರಡಕ್ಕೂ ಮೊದಲು ಮತ್ತು ಕೊನೆಗೆ ಒಂದೇ ಕಿರುಪರೀಕ್ಷೆ ಕೊಡುವ ಮಾತಿರಲಿ. ಎರಡು ತರಗತಿಗಳ ಹೋಲಿಕೆಯಿಂದ ದೊಡ್ಡ ತೀರ್ಮಾನ ಸಿಗದು, ಮುಂದುವರಿಸಬೇಕೇ ಎಂಬುದಕ್ಕೆ ಸಾಕು.

ಎ ವಿಭಾಗ ಪಾಠದಲ್ಲಿ ಒಂದು ವಾರಕ್ಕಿಂತ ಹಿಂದೆ ಬಿದ್ದರೆ ನಿಲ್ಲಿಸುತ್ತೇನೆ ಎಂದೂ ಬರೆಯಿರಿ. ಆ ಸಾಲು ಇಲ್ಲದ ಪತ್ರಕ್ಕೆ ಸಹಿ ಕೇಳಬೇಡಿ.