ಬೀಳ್ಕೊಡುಗೆಯ ಮಾತಿಗೆ ಮೂರು ಹಾಡು

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಹೈಸ್ಕೂಲುಗಳಲ್ಲಿ ಬೀಳ್ಕೊಡುಗೆ ಸಮಾರಂಭದ ತಯಾರಿ ಶುರುವಾಗುತ್ತದೆ. ಕ್ಲಾಸ್ ಟೀಚರ್ ಮಾತನಾಡಲೇಬೇಕು. ಹೊರಡುವ ಮಕ್ಕಳ ಮೆಚ್ಚಿನ ಹಾಡುಗಳನ್ನು ಆ ಮಾತಿನೊಳಗೆ ತರಬೇಕೆಂದು ಅನೇಕ ಶಿಕ್ಷಕರಿಗೆ ಆಸೆ. ಆದರೆ ಹೆಚ್ಚಿನ ಭಾಷಣಗಳಲ್ಲಿ ಹಾಡಿನ ಹೆಸರುಗಳನ್ನು ಒಂದರ ಪಕ್ಕ ಒಂದು ಪೋಣಿಸಿ, ನಡುವೆ ಹಾರೈಕೆ ತುಂಬಿರುತ್ತಾರೆ. ಮಕ್ಕಳು ಪ್ರತಿ ಹೆಸರಿಗೂ ಕೂಗಿ ಚಪ್ಪಾಳೆ ತಟ್ಟುತ್ತಾರೆ, ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಹಾಡು ಹೇಗಿದೆ ಎಂಬುದು ಮಕ್ಕಳಿಗೆ ಚೆನ್ನಾಗಿಯೇ ಗೊತ್ತು. ಅದನ್ನು ಅವರು ಎಲ್ಲಿ, ಹೇಗೆ ಹಾಡಿದರು ಎಂಬುದನ್ನು ಕಂಡವರು ಶಿಕ್ಷಕರು. ಭಾಷಣದಲ್ಲಿ ಹೇಳಬೇಕಾದದ್ದು ಅದನ್ನೇ.

ಹಾಗಾಗಿ ಹಾಡು ಸಂಗ್ರಹಿಸುವಾಗ ‘ನಿಮಗೆ ಯಾವ ಹಾಡು ಇಷ್ಟ’ ಎಂದು ಕೇಳಬಾರದು. ಹಾಗೆ ಕೇಳಿದರೆ ಆ ತಿಂಗಳು ಮೊಬೈಲಿನಲ್ಲಿ ಓಡುತ್ತಿರುವ ಹಾಡುಗಳ ಪಟ್ಟಿಯಷ್ಟೇ ಸಿಗುತ್ತದೆ. ‘ಪ್ರವಾಸದ ಬಸ್ಸಿನಲ್ಲಿ ಏನು ಹಾಡಿದಿರಿ? ವಾರ್ಷಿಕೋತ್ಸವದಲ್ಲಿ ಯಾವುದಕ್ಕೆ ಕುಣಿದಿರಿ?’ ಎಂದು ಕೇಳಿದರೆ ಹಾಡಿನ ಜೊತೆ ಸಂಗತಿಯೂ ಬರುತ್ತದೆ. ಬಂದವುಗಳಲ್ಲಿ ಮೂರನ್ನು ಉಳಿಸಿಕೊಂಡರೆ ಐದಾರು ನಿಮಿಷದ ಮಾತಿಗೆ ಸಾಕು.

ಒಂದು ಸರ್ಕಾರಿ ಹೈಸ್ಕೂಲಿನ ತರಗತಿಯನ್ನು ಕಲ್ಪಿಸಿಕೊಳ್ಳೋಣ. ಅವರ ಮೊದಲ ಹಾಡು ಪ್ರಾರ್ಥನೆಯ ಹೊತ್ತಿನ ನಾಡಗೀತೆ. ಕುವೆಂಪು ಅವರ ಈ ಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಭಾಷಣದ ನಡುವೆ ಇದನ್ನು ಹಾಡಲು ತೊಡಗಿದರೆ ಸಭೆಯೆಲ್ಲ ಎದ್ದು ನಿಲ್ಲುತ್ತದೆ, ಮಾತಿನ ಎಳೆ ತುಂಡಾಗುತ್ತದೆ. ಆದ್ದರಿಂದ ಹಾಡದೆ, ಅದರ ಬಗ್ಗೆ ಮಾತ್ರ ಹೇಳಬೇಕು: “ಮಕ್ಕಳೇ, ಎಂಟನೇ ತರಗತಿಯಲ್ಲಿ ನೀವು ನಾಡಗೀತೆ ಹಾಡುವಾಗ ಮುಂದಿನ ಸಾಲಿನವರ ದನಿ ಮಾತ್ರ ಕೇಳುತ್ತಿತ್ತು. ಈ ವರ್ಷ ಮೈಕ್ ಕೆಟ್ಟ ದಿನವೂ ಗೇಟಿನವರೆಗೆ ಕೇಳಿಸಿತು.” ಮೂರು ವರ್ಷದಲ್ಲಿ ಮಕ್ಕಳು ಬೆಳೆದದ್ದನ್ನು ಹೇಳಲು ಇಷ್ಟು ಸಾಕು.

ಎರಡನೆಯದು ಜೋಗದ ಪ್ರವಾಸದಲ್ಲಿ ಹಾಡಿದ, ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’. ಹಾಡು ಜೋಗದಿಂದಲೇ ತೊಡಗುತ್ತದೆ, ಸ್ವರ ಸಂಯೋಜನೆಯೂ ಅನಂತಸ್ವಾಮಿ ಅವರದೇ. ಬೆಳಿಗ್ಗೆ ಮೈದಾನದಲ್ಲಿ ಸಾಲಾಗಿ ನಿಂತು ಹಾಡಿದ ಧಾಟಿಯೂ ಬಸ್ಸಿನಲ್ಲಿ ಗುಂಪುಗೂಡಿ ಹಾಡಿದ ಧಾಟಿಯೂ ಒಬ್ಬರೇ ಕೊಟ್ಟದ್ದು ಎಂಬ ಸಂಗತಿ ಭಾಷಣಕಾರರಿಗೆ ಸಲೀಸಾದ ದಾರಿ. ಪ್ರಾರ್ಥನೆಯ ಮಾತಿನಿಂದ ಪ್ರವಾಸದ ಮಾತಿಗೆ ಬರಲು ಬೇರೆ ಪೀಠಿಕೆ ಬೇಡ. ಇಲ್ಲಿ ಪಲ್ಲವಿಯನ್ನು ಮಕ್ಕಳಿಂದಲೇ ಹಾಡಿಸಬಹುದು. ಆದರೆ ಎತ್ತಿಕೊಡುವವರು ಯಾರು, ಯಾವ ಶ್ರುತಿಯಲ್ಲಿ ಎಂಬುದು ಮೊದಲೇ ಗೊತ್ತಾಗಿರಬೇಕು. ಎತ್ತರದ ಶ್ರುತಿ ಹಿಡಿದರೆ ದನಿ ಒಡೆಯುತ್ತಿರುವ ವಯಸ್ಸಿನ ಹುಡುಗರು ಅರ್ಧಕ್ಕೇ ಸುಮ್ಮನಾಗುತ್ತಾರೆ.

ಮೂರನೆಯದು ವಾರ್ಷಿಕೋತ್ಸವದ ಹಾಡು, 2017ರ ‘ರಾಜಕುಮಾರ’ ಚಿತ್ರದ ‘ಬೊಂಬೆ ಹೇಳುತೈತೆ’. ಇಲ್ಲಿ ಎಚ್ಚರ ಬೇಕು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೆ ಈ ಹಾಡು ಅವರ ನೆನಪಿನೊಂದಿಗೆ ಬೆರೆತಿದೆ. ಭಾಷಣದ ಆರಂಭದಲ್ಲೇ ಹಾಕಿದರೆ ಸಭೆ ಭಾರವಾಗುತ್ತದೆ, ಆಮೇಲೆ ಯಾವ ತಮಾಷೆಯ ಪ್ರಸಂಗವೂ ಹತ್ತುವುದಿಲ್ಲ. ಇದರ ಜಾಗ ಕೊನೆ. ಯಾವ ಚಿತ್ರಗೀತೆಯಾದರೂ ಪಲ್ಲವಿಗಷ್ಟೇ ನಿಲ್ಲದೆ ಚರಣಗಳನ್ನೂ ಓದಿ, ಚಿತ್ರದಲ್ಲಿ ಅದು ಬರುವ ಸಂದರ್ಭವನ್ನೂ ನೋಡಿಕೊಳ್ಳಬೇಕು. ಇಂಪಾದ ಪಲ್ಲವಿಯ ಹಿಂದೆ ಸಾವಿನ ಅಥವಾ ಮುರಿದ ಪ್ರೇಮದ ಕಥೆ ಇರಬಹುದು.

ಧ್ವನಿಮುದ್ರಿಕೆ ಹಾಕುವುದಾದರೆ ಹದಿನೈದು ಇಪ್ಪತ್ತು ಸೆಕೆಂಡು ಮೀರದಂತೆ ಮೊದಲೇ ಕತ್ತರಿಸಿಟ್ಟುಕೊಳ್ಳುವುದು ಒಳ್ಳೆಯದು. ಮೈಕ್ ಸೆಟ್ ನೋಡಿಕೊಳ್ಳುವವರ ಕೈಗೆ ಭಾಷಣದ ಒಂದು ಪ್ರತಿ ಕೊಟ್ಟು, ಯಾವ ವಾಕ್ಯ ಮುಗಿದ ಕೂಡಲೇ ಹಾಡು ಬರಬೇಕೋ ಅದಕ್ಕೆ ಗೆರೆ ಎಳೆದಿರಬೇಕು. ‘ಈಗ ಹಾಡು ಹಾಕಿ’ ಎಂದು ವೇದಿಕೆಯಿಂದ ಕೂಗಬೇಕಾಗಿ ಬಂದರೆ ಕಟ್ಟಿದ ಭಾವವೆಲ್ಲ ಕೆಡುತ್ತದೆ. ಹಾಲ್ ಟಿಕೆಟ್, ಪರೀಕ್ಷಾ ಕೇಂದ್ರದ ಸೂಚನೆಗಳನ್ನು ಕೊನೆಯ ಹಾಡಿಗೆ ಮೊದಲೇ ಮುಗಿಸಿರಬೇಕು.

ಬರೆದಾದ ಮೇಲೆ ಹಾಡುಗಳ ಹೆಸರನ್ನೆಲ್ಲ ಹೊಡೆದುಹಾಕಿ ಭಾಷಣವನ್ನು ಗಟ್ಟಿಯಾಗಿ ಓದಿನೋಡಿ. ಉಳಿದ ಮಾತು ಕಳೆದ ವರ್ಷದ ತಂಡಕ್ಕೂ ಒಪ್ಪುವಂತಿದ್ದರೆ, ಹಾಡುಗಳನ್ನು ಬದಲಿಸಿ ಪ್ರಯೋಜನವಿಲ್ಲ. ಮಕ್ಕಳ ಬಳಿ ಮತ್ತೆ ಕುಳಿತು ಪ್ರಸಂಗಗಳನ್ನು ಕೇಳಿಕೊಂಡು ಬರಬೇಕು.