ಮೈಸೋಪು ಬಿಟ್ಟ ಮೇಲೆ ಮುಖಕ್ಕೇನು?

ಅಕ್ಕನ ಮಗ ಹಾವೇರಿಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದಾಗ ಅವನಿಗೆ 22 ವರ್ಷ. ತಲೆಯಿಂದ ಕಾಲಿನವರೆಗೆ ಒಂದೇ ಸೋಪು. ನಾಲ್ಕು ತಿಂಗಳಲ್ಲಿ ಮೂಗಿನ ಪಕ್ಕ, ಗಲ್ಲದ ಮೇಲೆ ಬಿಳಿ ಹೊಟ್ಟು ಏಳತೊಡಗಿತು. ಹಣೆ ಮಾತ್ರ ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು, ಕೂದಲಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. "ಮಾಮಾ, ದಿನಕ್ಕ ನಾಕು ಸಲ ತೊಳಕೊಂತೀನಿ. ಎಣ್ಣಿ ನಿಲ್ಲವಲ್ದು" ಎಂದ.

ತೊಂದರೆ ಇದ್ದದ್ದು ಆ ತೊಳೆಯುವುದರಲ್ಲೇ. ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ; ಪಿಎಚ್ ಸುಮಾರು 5. ಸಾಮಾನ್ಯ ಮೈಸೋಪು ಕ್ಷಾರೀಯ, ಅದರದು 9ರಿಂದ 10. ಅದು ಬೆವರು, ದೂಳಿನ ಜೊತೆಗೆ ಚರ್ಮದ ತೇವವನ್ನು ಹಿಡಿದಿಡುವ ಕೊಬ್ಬಿನ ತೆಳುಪದರವನ್ನೂ ಎತ್ತಿಕೊಂಡು ಹೋಗುತ್ತದೆ. ಅವನ ಬಾಡಿಗೆ ಕೋಣೆಯಲ್ಲಿ ಬರುತ್ತಿದ್ದದ್ದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಸೋಪು ಚೆನ್ನಾಗಿ ಕರಗದೆ ಜಿಡ್ಡಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮುಖ ತೊಳೆದ ಐದು ನಿಮಿಷಕ್ಕೆ ಕೆನ್ನೆ ಬಿಗಿದಂತಾದರೆ ಅದನ್ನು ಸ್ವಚ್ಛತೆಯ ಗುರುತು ಎಂದುಕೊಳ್ಳಬೇಡಿ. ಪದರ ಸವೆಯುತ್ತಿದೆ ಎಂದು ಅದರರ್ಥ.

ಮೊದಲ ವಾರ ಬದಲಿಸಿದ್ದು ಸೋಪನ್ನು ಮಾತ್ರ. ಮೆಡಿಕಲ್ ಶಾಪಿನಲ್ಲಿ ಸಿಗುವ, ಹರಳುಗಳಿಲ್ಲದ, ಕಡಿಮೆ ಪರಿಮಳದ ಸೌಮ್ಯ ಫೇಸ್‌ವಾಶ್ ತಂದೆವು. ಬೆಳಿಗ್ಗೆ ಒಮ್ಮೆ, ಸಂಜೆ ಮನೆಗೆ ಬಂದ ಮೇಲೆ ಒಮ್ಮೆ. ಒಂದು ರೂಪಾಯಿ ನಾಣ್ಯದಷ್ಟು ತೆಗೆದುಕೊಂಡು, ಬಿಸಿಯಲ್ಲದ ನೀರಿನಲ್ಲಿ ಬೆರಳ ತುದಿಯಿಂದ ಅರ್ಧ ನಿಮಿಷ ಸವರಿ ತೊಳೆದರಾಯಿತು. ಟವೆಲಿನಿಂದ ತಿಕ್ಕದೆ, ಒತ್ತಿ ನೀರು ತೆಗೆಯಬೇಕು. ನಡುವೆ ಬೆವರಿದರೆ ಬರೀ ನೀರು ಸಾಕು.

ಎರಡನೇ ವಾರ ಮಾಯಿಶ್ಚರೈಸರ್ ಸೇರಿತು. "ಮುಖಾನೇ ಎಣ್ಣಿ ಆಗೇತಿ, ಮತ್ತೆ ಇದ್ಯಾಕ?" ಎಂದು ಕೇಳಿದ. ಎಣ್ಣೆ ಬೇರೆ, ತೇವ ಬೇರೆ. ಮೇಲೆ ಜಿಡ್ಡಿದ್ದೂ ಒಳಗೆ ಚರ್ಮ ಒಣಗಿರಬಹುದು. ಅವನಂಥವರಿಗೆ ಗ್ಲಿಸರಿನ್ ಇರುವ, ಜೆಲ್ಲಿನಂಥ ಹಗುರವಾದದ್ದು ಹೊಂದುತ್ತದೆ. ಡಬ್ಬಿಯ ಮೇಲೆ ‘ನಾನ್ ಕಾಮೆಡೋಜೆನಿಕ್’ ಎಂದಿದ್ದರೆ ರಂಧ್ರ ಕಟ್ಟುವ ಸಂಭವ ಕಡಿಮೆ. ಮುಖ ಇನ್ನೂ ತುಸು ಒದ್ದೆಯಿರುವಾಗಲೇ ಹಚ್ಚಬೇಕು, ಆಗ ಆ ನೀರೂ ಒಳಗೇ ಉಳಿಯುತ್ತದೆ.

ಮೂರನೇ ವಾರ ಸನ್‌ಸ್ಕ್ರೀನ್. ಕಪ್ಪು ಮೈಬಣ್ಣದವರಿಗೆ ಇದು ಬೇಡ ಎಂಬ ಮಾತಿದೆ. ಆದರೆ ಮೊಡವೆ ಹೋದ ಜಾಗದ ಕಲೆ ಬೇಗ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುವುದು ನಮ್ಮಂಥ ಬಣ್ಣದಲ್ಲೇ, ಬಿಸಿಲು ಅದನ್ನು ಇನ್ನಷ್ಟು ಗಾಢವಾಗಿಸುತ್ತದೆ. ಎಸ್‌ಪಿಎಫ್ 30 ಅಥವಾ ಹೆಚ್ಚು, ಜೊತೆಗೆ ಪಿಎ ಎಂಬುದರ ಮುಂದೆ ಮೂರು ಪ್ಲಸ್ ಗುರುತು ಇರುವುದನ್ನು ನೋಡಿ ಕೊಳ್ಳಿ. ಹೆಚ್ಚಿನವರು ಎಡವುವುದು ಅಳತೆಯಲ್ಲಿ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದರೆ ಮುಖ, ಕುತ್ತಿಗೆಗೆ ಸರಿಯಾಗುತ್ತದೆ. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ಹೀಗೆ ವಾರಕ್ಕೊಂದರಂತೆ ಸೇರಿಸಲು ಕಾರಣವಿದೆ. ಮೂರನ್ನೂ ಒಟ್ಟಿಗೆ ಹಚ್ಚಿ ಮುಖ ಕೆಂಪಾದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಹೊಸದನ್ನು ಮೊದಲು ಮುಂಗೈಯ ಒಳಬದಿಗೆ ಎರಡು ಮೂರು ದಿನ ಹಚ್ಚಿ ನೋಡಿ. ತುರಿಕೆ, ಉರಿ ಬಂದರೆ ಬಿಟ್ಟುಬಿಡಿ.

ಒಂದು ತಿಂಗಳಿಗೆ ಹೊಟ್ಟು ಹೋಯಿತು, ಬಿಗಿತವೂ ಇಲ್ಲ. ಕೂದಲಂಚಿನ ಗುಳ್ಳೆ ಮಾತ್ರ ಹಾಗೇ ಇತ್ತು. ಕೇಳಿದರೆ, ದಿನಾ ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಮೇಲೆ ಹೆಲ್ಮೆಟ್ ಹಾಕಿ ಹೊರಡುತ್ತಿದ್ದ. ಬೆವರಿನೊಡನೆ ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚುತ್ತಿತ್ತು. ಎಣ್ಣೆಯನ್ನು ಭಾನುವಾರ ತಲೆಸ್ನಾನಕ್ಕೆ ಮೊದಲು ಮಾತ್ರ ಎಂದು ಮಾಡಿಕೊಂಡ, ಹೆಲ್ಮೆಟ್ಟಿನ ಒಳಬಟ್ಟೆ ಒಗೆದ. ಮತ್ತೆ ಆರು ವಾರಕ್ಕೆ ಹಣೆ ತಿಳಿಯಾಯಿತು.

ಅಷ್ಟರಲ್ಲಿ ಜೊತೆಯವನೊಬ್ಬ ಅವನಿಗೆ ಒಂದು ಟ್ಯೂಬ್ ಕೊಟ್ಟಿದ್ದ, "ವಾರದಾಗ ಬೆಳ್ಳಗ ಆಗ್ತಿ" ಎಂದು. ತಿರುಗಿಸಿ ಓದಿದರೆ ಮೊಮೆಟಾಸೋನ್ ಎಂದಿತ್ತು. ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಕೂಡ ಇದೇ ಜಾತಿಯವು, ಸ್ಟೀರಾಯ್ಡ್‌ಗಳು. ಮೊದಲು ಮುಖ ನುಣುಪಾಗಿ ಬಿಳುಪೇರುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿ, ಮೊಡವೆ ಏಳುತ್ತವೆ; ಬಿಟ್ಟರೆ ಉರಿ. ವೈದ್ಯರು ಬರೆದುಕೊಡದೆ ಇವನ್ನು ಮುಖಕ್ಕೆ ತಾಗಿಸಬಾರದು. ಈಗಾಗಲೇ ಬಹುದಿನ ಹಚ್ಚಿದ್ದರೆ, ಬಿಡುವುದನ್ನೂ ಅವರನ್ನು ಕೇಳಿಯೇ ಮಾಡಬೇಕು.

ಗಟ್ಟಿಯಾಗಿ ನೋಯುವ, ಗುಳಿ ಉಳಿಸುವ ಮೊಡವೆಗಳಿಗೆ ಈ ಮೂರು ಸಾಲವು; ಅವು ಚರ್ಮವೈದ್ಯರ ಕೆಲಸ. ಉಳಿದ ದಿನಗಳಿಗೆ ಅಕ್ಕನ ಮಗನ ಕನ್ನಡಿಯ ಕೆಳಗೆ ಈಗ ಮೂರೇ ವಸ್ತುಗಳಿವೆ. ಮೈಸೋಪು ಬಚ್ಚಲಲ್ಲೇ ಇದೆ, ಕುತ್ತಿಗೆಯಿಂದ ಕೆಳಕ್ಕೆ.