ಒಂದೇ ಬೇಳೆ, ಮೂರು ದರ: ಅಸಲು ಎಷ್ಟು?

ದಿನಸಿ ಅಂಗಡಿಯೊಂದರ ಉಗ್ರಾಣದಲ್ಲಿ 100 ಕಿಲೋ ತೊಗರಿಬೇಳೆ ಇದೆಯೆಂದು ಇಟ್ಟುಕೊಳ್ಳೋಣ. ಅದನ್ನು ಕೊಂಡದ್ದು ಕಿಲೋಗೆ 120 ರೂಪಾಯಿಯಂತೆ. ದರ ಏರುತ್ತಿದೆಯೆಂದು ಯಜಮಾನರು ಇನ್ನೂ 300 ಕಿಲೋ ತರಿಸಿದರು, ಈ ಸಲ 140 ರೂಪಾಯಿಯಂತೆ. ಎರಡನ್ನೂ ಒಂದೇ ದೊಡ್ಡ ಪೆಟ್ಟಿಗೆಗೆ ಸುರಿದದ್ದಾಯಿತು. ಈಗ ಯಾವ ಕಾಳು ಹಳೆಯದು, ಯಾವುದು ಹೊಸದು ಎಂದು ಯಾರೂ ಹೇಳಲಾರರು. ಅಷ್ಟರಲ್ಲಿ ಒಂದು ಹಾಸ್ಟೆಲಿನವರು ಬಂದು 250 ಕಿಲೋ ಕೇಳಿದರು. ಯಜಮಾನರು ಮನಸ್ಸಿನಲ್ಲೇ ಲೆಕ್ಕ ಹಾಕಿದರು: 120 ಮತ್ತು 140, ಸರಾಸರಿ 130. ಕಿಲೋಗೆ 4 ರೂಪಾಯಿ ಲಾಭ ಸಾಕು ಎಂದುಕೊಂಡು 134ಕ್ಕೆ ಕೊಟ್ಟುಬಿಟ್ಟರು. ಒಟ್ಟು 1,000 ರೂಪಾಯಿ ಲಾಭವೆಂದು ಅವರ ನಂಬಿಕೆ. ನಿಜದಲ್ಲಿ ಅವರಿಗಾದದ್ದು 250 ರೂಪಾಯಿ ನಷ್ಟ.

ತಪ್ಪಿದ್ದೆಲ್ಲಿ? ಅವರು ದರಗಳ ಸರಾಸರಿ ತೆಗೆದರು, ಬೇಳೆಯ ಸರಾಸರಿ ತೆಗೆಯಲಿಲ್ಲ. 120ರ ಬೇಳೆ ಒಂದು ಪಾಲಾದರೆ 140ರದು ಮೂರು ಪಾಲು. ಮೊದಲನೆಯದಕ್ಕೆ ಹೋದ ಹಣ 12,000 ರೂಪಾಯಿ, ಎರಡನೆಯದಕ್ಕೆ 42,000. ಒಟ್ಟು 54,000ವನ್ನು 400 ಕಿಲೋದಿಂದ ಭಾಗಿಸಿದರೆ ಕಿಲೋಗೆ 135 ರೂಪಾಯಿ. ಇದೇ ಭಾರಿತ ಸರಾಸರಿ.

ಭೌತಶಾಸ್ತ್ರ ಓದುವವರು ಇದನ್ನು ಸನ್ನೆಕೋಲಿನಂತೆ ನೋಡಬಹುದು. ಕೋಲಿನ ಒಂದು ತುದಿ 120, ಇನ್ನೊಂದು 140. ಮೊದಲ ತುದಿಯಲ್ಲಿ 100 ಕಿಲೋ, ಎರಡನೆಯದರಲ್ಲಿ 300 ಕಿಲೋ ಕೂತಿವೆ. ಕೋಲು ಸಮತೂಗಬೇಕಾದರೆ ಆಧಾರ ಭಾರದ ಕಡೆಗೆ ಸರಿಯಲೇಬೇಕು. 135ರಲ್ಲಿಟ್ಟರೆ ಈ ಕಡೆ 100 ಸಲ 15, ಆ ಕಡೆ 300 ಸಲ 5, ಎರಡೂ 1,500. ಎರಡು ಖರೀದಿಗಳ ಪ್ರಮಾಣ ಒಂದೇ ಆಗಿದ್ದರೆ ಮಾತ್ರ ಆಧಾರ ನಡುಮಧ್ಯದ 130ರಲ್ಲಿ ನಿಲ್ಲುತ್ತಿತ್ತು.

ಕಥೆ ಮುಂದುವರಿಸೋಣ. ಹಾಸ್ಟೆಲಿಗೆ ಹೋದ 250 ಕಿಲೋದ ಅಸಲು 33,750 ರೂಪಾಯಿ. ಉಳಿದದ್ದು 150 ಕಿಲೋ, ಅದರ ಬೆಲೆ 20,250. ಗಮನಿಸಿ, ಮಾರಾಟದಿಂದ ಸರಾಸರಿ ಬದಲಾಗುವುದಿಲ್ಲ. ಅದು 135 ಆಗಿಯೇ ಉಳಿಯುತ್ತದೆ. ಅದನ್ನು ಅಲುಗಿಸುವುದು ಬೇರೆ ದರದ ಹೊಸ ಖರೀದಿ. ಮುಂದಿನ ವಾರ 155ರಂತೆ 50 ಕಿಲೋ ಬಂತು, ಅಂದರೆ 7,750 ರೂಪಾಯಿಯ ಮಾಲು. ಈಗ ಒಟ್ಟು 200 ಕಿಲೋ, 28,000 ರೂಪಾಯಿ. ಹೊಸ ಸರಾಸರಿ 140. ಆಮೇಲೆ ಮಾರಿದ 80 ಕಿಲೋದ ಅಸಲು 11,200. ಕೊನೆಗೆ ಉಳಿದ 120 ಕಿಲೋದ ಬೆಲೆ 16,800.

ಲೆಕ್ಕ ಸರಿಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಮಾರಿದ ಮಾಲಿನ ಅಸಲು 33,750 ಮತ್ತು 11,200, ಉಳಿದ ದಾಸ್ತಾನು 16,800, ಕೂಡಿದರೆ 61,750. ಮೂರು ಸಲ ಮಾಲಿಗೆ ಹಾಕಿದ ಹಣವೂ 61,750. ಈ ಎರಡು ಮೊತ್ತಗಳು ಹೊಂದದಿದ್ದರೆ ಎಲ್ಲೋ ಎಡವಟ್ಟಾಗಿದೆ. ಸಾಮಾನ್ಯವಾಗಿ ಎಡವುವುದು ಮೂರನೆಯ ಹೆಜ್ಜೆಯಲ್ಲಿ: 135 ಮತ್ತು 155 ಎರಡನ್ನೇ ಕೂಡಿ ಅರ್ಧ ಮಾಡಿ 145 ಎಂದು ಬರೆದುಬಿಡುತ್ತಾರೆ. ಲಾರಿ ಬಾಡಿಗೆ, ಹಮಾಲಿ ಕೂಲಿಗಳೂ ಖರೀದಿಯ ಅಸಲಿಗೆ ಸೇರಬೇಕು. ಸುಲಭವಾಗಲೆಂದು ಇಲ್ಲಿ ಅವು ದರದಲ್ಲೇ ಸೇರಿವೆ ಎಂದುಕೊಂಡಿದ್ದೇನೆ.

ಪ್ರತಿ ಖರೀದಿಗೂ ಹೀಗೆ ಹೊಸ ಸರಾಸರಿ ತೆಗೆಯುವ ಬದಲು, ಅವಧಿಯ ಕೊನೆಯಲ್ಲಿ ಒಂದೇ ಸಲ ತೆಗೆಯುವವರೂ ಉಂಟು. ಆಗ 61,750ನ್ನು 450ರಿಂದ ಭಾಗಿಸಬೇಕು. ಸುಮಾರು 137 ರೂಪಾಯಿ 22 ಪೈಸೆ ಬರುತ್ತದೆ. ಹಾಸ್ಟೆಲಿಗೆ ಕೊಟ್ಟಾಗ ಇನ್ನೂ ಕೊಂಡೇ ಇರದ ಬೇಳೆಯ ದರವೂ ಇದರೊಳಗೆ ನುಸುಳಿದೆ! ಎರಡೂ ಒಪ್ಪಿತ ರೀತಿಗಳೇ. ಆದರೆ ವರ್ಷದ ನಡುವೆ ಅನುಕೂಲ ನೋಡಿ ಒಂದರಿಂದ ಇನ್ನೊಂದಕ್ಕೆ ಹಾರುವಂತಿಲ್ಲ.

ಮೊದಲು ಬಂದದ್ದು ಮೊದಲು ಹೋಯಿತೆಂದು ಎಣಿಸುವ ಇನ್ನೊಂದು ಪದ್ಧತಿಯಲ್ಲಿ, ಉಳಿದ 120 ಕಿಲೋದಲ್ಲಿ 50 ಕಿಲೋ 155ರದು, 70 ಕಿಲೋ 140ರದು, ಒಟ್ಟು 17,550. ದಾಸ್ತಾನು 750 ರೂಪಾಯಿ ಹೆಚ್ಚಾದ್ದರಿಂದ ಲಾಭವೂ ಅಷ್ಟೇ ಹೆಚ್ಚಾಗಿ ಕಾಣುತ್ತದೆ. ದರ ಏರುವಾಗ ಹೀಗೆ; ಇಳಿಯುವಾಗ ತಿರುವುಮುರುವು. ಬೆರೆತುಹೋಗುವ ಬೇಳೆ, ಎಣ್ಣೆಯಂಥ ಮಾಲಿಗೆ ಸರಾಸರಿಯೇ ಒಗ್ಗುತ್ತದೆಂದು ನನ್ನ ಅನಿಸಿಕೆ. ಒಂದೊಂದನ್ನೂ ಗುರುತಿಸಬಹುದಾದ ಚಿನ್ನದ ಒಡವೆಗೆ ಅದರದರ ಅಸಲನ್ನೇ ಹಿಡಿಯಬೇಕು.

ಇನ್ನೊಂದು ಮಾತು. ನಾಳೆ ಯಾವ ದರಕ್ಕೆ ಮಾರಬೇಕೆಂದು ಈ ಸರಾಸರಿ ಹೇಳುವುದಿಲ್ಲ, ಅದಕ್ಕೆ ಮಾರುಕಟ್ಟೆಯನ್ನೇ ನೋಡಬೇಕು. ವರ್ಷಾಂತ್ಯದಲ್ಲೂ ಹಾಗೆಯೇ. 1999ರಲ್ಲಿ ಪರಿಷ್ಕೃತವಾದ ಭಾರತೀಯ ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಲು, ಮಾರಿದರೆ ಖರ್ಚು ಕಳೆದು ಕೈಗೆ ಬರುವ ಹಣ, ಇವೆರಡರಲ್ಲಿ ಕಡಿಮೆಯಾದುದನ್ನೇ ದಾಸ್ತಾನಿನ ಬೆಲೆಯಾಗಿ ತೋರಿಸಬೇಕು. ದರ ಕುಸಿದು ಕಿಲೋಗೆ 130 ರೂಪಾಯಿ ಮಾತ್ರ ಕೈಗೆ ಬರುವಂತಿದ್ದರೆ, ನಮ್ಮ ಯಜಮಾನರು ಉಳಿದ 120 ಕಿಲೋವನ್ನು 16,800ಕ್ಕಲ್ಲ, 15,600ಕ್ಕೆ ಬರೆದುಕೊಳ್ಳಬೇಕಾಗುತ್ತದೆ.